ನಾಣ್ಯ ಬೀಳುವ ಮೊದಲು

ಗುರುವಾರ ಮಧ್ಯಾಹ್ನ ಮೂರಕ್ಕೆ ಐದು ನಿಮಿಷ ಇರುವಾಗ ವಾರಿಜಾ ಔಷಧಿ ಅಂಗಡಿಯ ಪಕ್ಕದ ಮರದ ಮೆಟ್ಟಿಲು ಹತ್ತಿದಳು. ಹದಿನಾಲ್ಕು ಮೆಟ್ಟಿಲು. ಏಳನೆಯದು ಕಿರುಗುಟ್ಟುತ್ತದೆಂದು ಗೊತ್ತಿದ್ದೂ ಅದನ್ನೇ ತುಳಿದಳು. ಮೇಲೆ ಕುಳಿತ ಫೌಸ್ಟಿನ್ ಮಾಸ್ತರರಿಗೆ ತಾನು ಬಂದದ್ದು ಗೊತ್ತಾಗಲಿ, ಗೊತ್ತಾದ ಮೇಲೆ ಅರ್ಧದಿಂದ ಇಳಿದು ಹೋಗುವ ದಾರಿ ತನಗೆ ಇಲ್ಲದಾಗಲಿ ಎಂದು. ಎರಡು ವಾರ ಅವಳು ಬಂದಿರಲಿಲ್ಲ. ಮೊದಲ ವಾರ ಜ್ವರವೆಂದು ಚೀಟಿ ಕಳುಹಿಸಿದ್ದಳು. ಎರಡನೆಯ ವಾರ ಕಾರ್ಕಳದಲ್ಲಿ ತಂಗಿಯ ಮನೆಯಲ್ಲಿ ಪೂಜೆ ಎಂದಿದ್ದಳು. ಪೂಜೆಯೂ ಇರಲಿಲ್ಲ, ಜ್ವರವೂ ಇರಲಿಲ್ಲ. ಐವತ್ತಮೂರು ವರ್ಷದ ಹೆಂಗಸು, ಟೆಲಿಫೋನ್ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ನಿಯತ್ತಾಗಿ ದುಡಿದು ಮೊನ್ನೆ ಮೊನ್ನೆ ಸ್ವಯಂ ನಿವೃತ್ತಿ ಪಡೆದವಳು, ಶಾಲೆಗೆ ಚಕ್ಕರ್ ಹೊಡೆಯುವ ಮಕ್ಕಳ ಹಾಗೆ ನೆವ ಹುಡುಕಿದ್ದಳು. ಅದನ್ನು ನೆನೆದು ಅವಳಿಗೇ ನಾಚಿಕೆಯಾಯಿತು. ಆದರೆ ನಾಚಿಕೆಯ ಅಡಿಯಲ್ಲಿ ಇದ್ದದ್ದು ಬೇರೆ. ಅದು ಈಗ ಕನ್ನಡಕದ ಡಬ್ಬಿಯೊಳಗೆ ನಾಲ್ಕು ಮಡಿಕೆಯಾಗಿ ಕುಳಿತಿತ್ತು, ಪೇಪರಿನಿಂದ ಕತ್ತರಿಸಿದ ಆರು ಸಾಲು.

ಕೋಣೆಯಲ್ಲಿ ಎಲ್ಲ ಹಾಗೆಯೇ ಇತ್ತು. ಗೋಡೆಗೆ ಮುಖಮಾಡಿದ ಮೇಜು, ಅದರ ಮೇಲೆ ಕಪ್ಪು ಟೆಲಿಫೋನು, ಗಡಿಯಾರ, ಉದ್ದನೆಯ ರಿಜಿಸ್ಟರು, ನೀರಿನ ಹೂಜಿ. ಫೋನಿನ ಕೆಳಗೆ ಮಡಚಿದ ಟವೆಲು ಹಾಸಿತ್ತು, ರಿಂಗಿನ ಸದ್ದು ಮೇಜಿನಿಂದ ಎದ್ದು ಎದೆಗೆ ಬಡಿಯದ ಹಾಗೆ. ಮಣಿಪಾಲದ ಡಾಕ್ಟರೊಬ್ಬರು ಮುಂಬಯಿಯಲ್ಲಿ ಇಂಥದ್ದನ್ನು ನೋಡಿ ಬಂದು, ನಮ್ಮಲ್ಲೂ ಒಂದು ಬೇಕು, ಸಾಯಬೇಕೆಂದು ಹೊರಟವರು ಒಂದು ಗಳಿಗೆ ನಿಂತು ಮಾತಾಡುವ ಜಾಗ ಬೇಕು ಎಂದದ್ದರಿಂದ ಈ ವರ್ಷ, ಎಂಬತ್ತೇಳರ ಮಾರ್ಚಿನಲ್ಲಿ, ಇದು ಶುರುವಾಗಿತ್ತು. ಹೆಸರು 'ಜತೆ'. ದಿನಾ ಮೂರರಿಂದ ಏಳು. ಒಂದು ಸಲಕ್ಕೆ ಇಬ್ಬರು: ಒಬ್ಬರು ಫೋನಿಗೆ, ಇನ್ನೊಬ್ಬರು ಫೋನು ಹಿಡಿದವರಿಗೆ ಜತೆಯಾಗಿ. ಪಾಳಿಯಲ್ಲಿ ಕುಳಿತವರ ಹೆಸರು ಕರೆದವರಿಗೆ ಗೊತ್ತಾಗಬಾರದು, ಕರೆದವರ ಹೆಸರು ನಾವು ಕೇಳಬಾರದು.

"ಬಂದ್ರಾ ವಾರಿಜಕ್ಕ? ಜ್ವರ ಬಿಟ್ಟಿತಾ?" ಎಂದರು ಫೌಸ್ಟಿನ್ ಮಾಸ್ತರರು. ಹೈಸ್ಕೂಲಿನ ಹೆಡ್‌ಮಾಸ್ತರರಾಗಿದ್ದವರು, ಅವಳಿಗಿಂತ ಹತ್ತು ವರ್ಷ ಹಿರಿಯರು, ಆದರೂ ಎಲ್ಲರಿಗೂ ಅಕ್ಕ ಹಚ್ಚಿ ಮಾತಾಡುವವರು.

"ಬಿಟ್ಟಿತು ಸರ್."

"ಪೂಜೆ ಎಲ್ಲ ಚಂದ ಆಯ್ತಾ?"

"ಆಯ್ತು."

ಅವರು ಕನ್ನಡಕದ ಮೇಲಿಂದ ಒಮ್ಮೆ ನೋಡಿದರು. ಮೂವತ್ತು ವರ್ಷ ಮಕ್ಕಳ ಸುಳ್ಳು ಕೇಳಿದ ಮುಖ ಅದು. ಏನೂ ಕೇಳಲಿಲ್ಲ. ಕೇಳದೆ ಬಿಡುವುದೇ ಅವರ ವಿದ್ಯೆ, ಮತ್ತು ಅದನ್ನೇ ಅವರು ಆರು ಶನಿವಾರ ಇವಳಿಗೆ ಕಲಿಸಿದ್ದು. ಎರಡು ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಇಟ್ಟು, ಮುಖ ಕಾಣದ ಹಾಗೆ ಕುಳಿತು, ಒಬ್ಬರು ಕರೆಯುವವರು ಒಬ್ಬರು ಎತ್ತುವವರು. ಉಳಿದದ್ದೆಲ್ಲ ಆಮೇಲೆ, ಮೊದಲ ಮಾತು ಮಾತ್ರ ಇವತ್ತು, ಎಂದು ಎರಡು ಶನಿವಾರ ಅದರಲ್ಲೇ ಕಳೆದಿದ್ದರು. ಇವಳು, "ಹೇಳಿ, ನಿಮ್ಮ ಸಮಸ್ಯೆ ಏನು?" ಎಂದರೆ ಬೆನ್ನ ಹಿಂದಿನಿಂದ ಅವರು, "ಸಮಸ್ಯೆ ಅಂತ ನೀವೇ ಹೆಸರಿಟ್ಟಿರಿ. ಇನ್ನು ನಾನು ಅರ್ಜಿ ಬರೆಯಬೇಕು, ಅಲ್ವಾ?" ಎನ್ನುವರು. "ಹೆದರಬೇಡಿ" ಎಂದರೆ, "ಹೆದರಿದ್ದು ನಾನಾ ನೀವಾ?" ಎನ್ನುವರು. "ಎಲ್ಲಿಂದ ಮಾತಾಡುವುದು?" ಎಂದ ದಿನ ಅವರು ಮಾತಾಡಲೇ ಇಲ್ಲ, ಕುರ್ಚಿಯಿಂದ ಎದ್ದು ಹೊರಗೆ ಹೋಗಿಬಿಟ್ಟರು, ತಿರುಗಿ ಬಂದು ಹೇಳಿದರು: "ನಮ್ಮ ಊರಲ್ಲಿ ಇದೇ ಕಷ್ಟ. ಎಲ್ಲಿಯವರು, ಯಾವ ಮನೆ, ಯಾರ ಮಗ. ಅಷ್ಟು ಕೇಳಿದರೆ ಪ್ರೀತಿ ಅಂತ ನಮ್ಮ ಲೆಕ್ಕ. ಸಾಯಲು ಹೊರಟವನಿಗೆ ಅದು ಪೊಲೀಸು." ಕಡೆಗೆ ನಿಂತ ಮಾತು ಇಷ್ಟು: 'ಹಲೋ, ಇದು ಜತೆ. ನಾನು ಕೇಳುತ್ತಿದ್ದೇನೆ.' ಅಷ್ಟೇ. ಎರಡನೆಯ ರಿಂಗ್ ಮುಗಿದ ಮೇಲೆ ಎತ್ತಬೇಕು, ಮೊದಲನೆಯದಕ್ಕೇ ಎತ್ತಿದರೆ ಅವರು ಬೆಚ್ಚುತ್ತಾರೆ, ಐದಾರು ಬಿಟ್ಟರೆ ಇಲ್ಲೂ ಯಾರೂ ಇಲ್ಲವೆಂದು ಇಡುತ್ತಾರೆ. ಎತ್ತುವ ಮೊದಲು ಒಂದು ಉಸಿರು ಪೂರ್ತಿ ಬಿಡಬೇಕು. ಕೊನೆಯ ಪದದಲ್ಲಿ ಸ್ವರ ಮೇಲೆ ಹೋಗಬಾರದು, ಮೇಲೆ ಹೋದರೆ ಅದು ಪ್ರಶ್ನೆಯಾಗುತ್ತದೆ, ಕೆಳಗೆ ಇಳಿದು ನಿಲ್ಲಬೇಕು. ಆಮೇಲೆ ಸುಮ್ಮನಿರಬೇಕು. ಅವರೂ ಸುಮ್ಮನಿದ್ದರೆ ಸ್ವಲ್ಪ ಹೊತ್ತಿಗೊಮ್ಮೆ ನಾನು ಇಲ್ಲೇ ಇದ್ದೇನೆ ಎನ್ನಬೇಕು. ಎಷ್ಟೇ ಹೊತ್ತಾಗಲಿ ನಾವಾಗಿ ಫೋನ್ ಇಡಬಾರದು.

ಇಷ್ಟೂ ಅವಳಿಗೆ ಬೇಗ ಬಂತು. ಎಲ್ಲರಿಗಿಂತ ಚೆನ್ನಾಗಿ ಬಂತು ಎಂದು ಫೌಸ್ಟಿನ್ ಮಾಸ್ತರರು ಉಳಿದವರ ಎದುರೇ ಹೇಳಿದ್ದರು, ಅವಳಿಗೆ ಹೆಮ್ಮೆಯಾಗಿತ್ತು. ಕಾರ್ಕಳದ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನು ಕಿವಿಗೆ ಒತ್ತಿ ಒತ್ತಿ ಕೂದಲು ಉದುರಿದ ಜಾಗ ಈಗಲೂ ತಲೆಯ ಮೇಲೆ ಉಂಟು. ಕರೆ ಬಂದಾಗ ಬೋರ್ಡಿನ ಮೇಲೆ ಬಿಲ್ಲೆ ಬೀಳುತ್ತಿತ್ತು, ಅವಳು ವಯರಿನ ತುದಿ ತೂರಿಸಿ 'ನಂಬರ್?' ಎನ್ನುತ್ತಿದ್ದಳು, ದಿನಕ್ಕೆ ಮುನ್ನೂರು ಸಲ. ಹಿರಿಯಡ್ಕದ ಅಕ್ಕಿ ಮಿಲ್ಲಿನವರ ಕೆಮ್ಮು, ಡಾಕ್ಟರ ಹೆಂಡತಿಯ ಮೂಗಿನ ಸ್ವರ, ದುಬಾಯಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಇಡೀ ದಿನ ಕಾಯುವ ಹೆಂಗಸರ ಉಸಿರು, ಎಲ್ಲ ಅವಳಿಗೆ ಮುಖಪಾಠ. ಒಮ್ಮೆ ಕೇಳಿದ ಸ್ವರವನ್ನು ಅವಳು ಮರೆತದ್ದಿಲ್ಲ. ಆಮೇಲೆ ಉಡುಪಿಗೆ ವರ್ಗವಾಯಿತು, ಇಲ್ಲಿ ಡಯಲ್ ಬಂತು, ಬಸ್‌ಸ್ಟ್ಯಾಂಡಿನಲ್ಲೂ ಪೋಸ್ಟಾಫೀಸಿನ ಎದುರೂ ನಾಣ್ಯದ ಪೆಟ್ಟಿಗೆಗಳು ಬಂದವು. ಜನರಿಗೆ ಅದು ಬಳಸಲು ಬರುತ್ತಿರಲಿಲ್ಲ. ಮೊದಲೇ ನಾಣ್ಯ ಹಾಕಿ ಕಳೆದುಕೊಂಡು ಇಲಾಖೆಗೆ ಬೈಯುವರು. ಇಲ್ಲವಾದರೆ ಹಾಕದೆ ಹಲೋ ಹಲೋ ಎಂದು ಕೂಗುವರು. ಆ ಪೆಟ್ಟಿಗೆಯ ಕ್ರಮವೇ ಬೇರೆ. ನಂಬರ್ ತಿರುಗಿಸಬೇಕು, ಅತ್ತ ಯಾರಾದರೂ ಎತ್ತಿ ಮಾತಾಡಿದ ಮೇಲೆ ಎಂಟಾಣೆ ಹಾಕಬೇಕು. ಹಾಕುವವರೆಗೆ ಎತ್ತಿದವರ ಸ್ವರ ಇವರಿಗೆ ಕೇಳುತ್ತದೆ, ಇವರ ಸ್ವರ ಅವರಿಗೆ ಕೇಳುವುದಿಲ್ಲ. ವಿಚಾರಣೆಯ ಕೌಂಟರಿನಲ್ಲಿ ಕುಳಿತ ವಾರಿಜಾ ಈ ಸತ್ತ ಲೈನುಗಳನ್ನು ದಿನಾ ಎತ್ತುತ್ತಿದ್ದಳು. ಒಂದು ಸಣ್ಣ ಗುಂಯ್, ಅದರಾಚೆ ಏನೂ ಇಲ್ಲ. ಕೇಳಿದ ಕೂಡಲೇ ಅವಳಿಗೆ ಗೊತ್ತಾಗುತ್ತಿತ್ತು, ಬಾಯಿ ತಾನಾಗಿ ಹೇಳುತ್ತಿತ್ತು.

ಮೂರು ಗುರುವಾರಗಳ ಹಿಂದೆ, ನಾಲ್ಕು ಇಪ್ಪತ್ತಕ್ಕೆ, ಫೌಸ್ಟಿನ್ ಮಾಸ್ತರರು ಕೆಳಗೆ ಚಾ ತರಲು ಹೋಗಿದ್ದಾಗ, ಈ ಫೋನು ಹೊಡೆದುಕೊಂಡಿತು. ಅವಳು ಎರಡು ರಿಂಗ್ ಬಿಟ್ಟಳು, ಉಸಿರು ಬಿಟ್ಟಳು, ಎತ್ತಿದಳು. ಗುಂಯ್. ಮತ್ತು ಅವಳ ಬಾಯಿ, ಆರು ಶನಿವಾರ ಕಲಿತದ್ದನ್ನೆಲ್ಲ ಪಕ್ಕಕ್ಕೆ ತಳ್ಳಿ, ಇಪ್ಪತ್ತಾರು ವರ್ಷದ ಸ್ಪಷ್ಟ ಉಚ್ಚಾರದಲ್ಲಿ ಹೇಳಿತು:

"ನಾಣ್ಯ ಹಾಕಿ ಮಾತಾಡಿ."

ಹೇಳಿ ಮುಗಿಯುವ ಮೊದಲೇ ಅವಳಿಗೆ ಗೊತ್ತಾಯಿತು. ತಿದ್ದಿಕೊಳ್ಳಲು ಬಾಯಿ ತೆರೆದಳು. ಲೈನು ಕಡಿದಿತ್ತು.

ರಿಜಿಸ್ಟರಿನಲ್ಲಿ ಹೆಸರಿನ ಅಂಕಣ ಇರಲಿಲ್ಲ. ಸಮಯ, ಎಷ್ಟು ಹೊತ್ತು, ಗಂಡಸೋ ಹೆಂಗಸೋ, ಸಾಯುವ ಮಾತು ಬಂತೋ ಇಲ್ಲವೋ, ಇಷ್ಟು. ಮತ್ತೆ ಎಲ್ಲಕ್ಕಿಂತ ಮೊದಲು ಫೌಸ್ಟಿನ್ ಮಾಸ್ತರರೇ ಗೆರೆ ಎಳೆದು ಸೇರಿಸಿದ ಒಂದು ಅಂಕಣ: 'ನಾವು ಆಡಿದ ಮೊದಲ ಮಾತು.' ನಾವು ಏನೆಂದೆವು ಎಂದು ನಮಗೆ ಗೊತ್ತಿರಲಿ ಎನ್ನುವುದು ಅವರ ಹಟ. ಅವಳು ಪೆನ್ನು ಹಿಡಿದು ಸ್ವಲ್ಪ ಹೊತ್ತು ಕುಳಿತಳು. ಏಳನೆಯ ಮೆಟ್ಟಿಲು ಕಿರುಗುಟ್ಟಿತು. ಬರೆದಳು: 'ಇದು ಜತೆ, ನಾನು ಕೇಳುತ್ತಿದ್ದೇನೆ. ೪.೨೦. ಅರ್ಧ ನಿಮಿಷ. ಮಾತಿಲ್ಲ.' ಅಕ್ಷರ ದುಂಡಗೆ ಬಂದಿತ್ತು. ಫೌಸ್ಟಿನ್ ಮಾಸ್ತರರು ಚಾ ಇಟ್ಟು, ಓದಿ, "ಒಳ್ಳೆಯದಾಯ್ತು. ಸ್ವರ ಕೇಳಿದ್ದಾರಲ್ಲ, ಪುನಃ ಮಾಡ್ತಾರೆ" ಎಂದರು.

ಶನಿವಾರದ ಪೇಪರಿನಲ್ಲಿ ಆ ಆರು ಸಾಲು. ಕಾಪು ದೀಪಸ್ತಂಭದ ಬಳಿ ಶುಕ್ರವಾರ ಬೆಳಿಗ್ಗೆ ಸುಮಾರು ಮೂವತ್ತೈದು ಪ್ರಾಯದ ಅಪರಿಚಿತ ಗಂಡಸಿನ ಶವ. ನೀಲಿ ಅಂಗಿ, ಬಿಳಿ ಪಂಚೆ. ಅಂಗಿಯ ಜೇಬಿನಲ್ಲಿ ಐವತ್ತು ಪೈಸೆಯ ಒಂದು ನಾಣ್ಯ ಬಿಟ್ಟರೆ ಗುರುತಿಗೆ ಏನೂ ಸಿಕ್ಕಿಲ್ಲ. ವಾರಸುದಾರರು ಠಾಣೆಯನ್ನು ಸಂಪರ್ಕಿಸಬೇಕು. ಎಂಟಾಣೆ ಯಾರ ಜೇಬಿನಲ್ಲಿ ಇರುವುದಿಲ್ಲ? ಅವಳ ಪರ್ಸಿನಲ್ಲೇ ಮೂರು ಇದ್ದವು. ಅದನ್ನು ಅವಳು ತನಗೆ ತಾನೇ ಸಾವಿರ ಸಲ ಹೇಳಿಕೊಂಡಳು, ಅನ್ನ ಬಸಿಯುವಾಗ, ಸ್ನಾನಕ್ಕೆ ನೀರು ಕಾಯಿಸುವಾಗ. ಬುದ್ಧಿ ಒಪ್ಪುತ್ತಿತ್ತು. ಆದರೆ ಬಸ್‌ಸ್ಟ್ಯಾಂಡಿನ ಪೆಟ್ಟಿಗೆಯ ಎದುರು ನಿಂತು, ಎಂಟಾಣೆಯನ್ನು ಬೆರಳುಗಳ ನಡುವೆ ಹಿಡಿದು, ಅತ್ತಲಿಂದ ಯಾವ ಮಾತು ಬರುತ್ತದೋ ನೋಡಿ ಹಾಕುವುದೋ ಬಿಡುವುದೋ ಎಂದು ತೀರ್ಮಾನಿಸಲಿರುವ ಒಂದು ಕೈ ಅವಳಿಗೆ ಕಾಣುತ್ತಲೇ ಇತ್ತು. ಮುಖವಿಲ್ಲ, ಕೈ ಮಾತ್ರ. ಸತ್ತವನಿಗೆ ಬದುಕಿನಿಂದ ಬಂದ ಕಡೆಯ ಉತ್ತರ ನಾಣ್ಯ ಹಾಕಿ ಎಂಬುದಾಗಿತ್ತೇ? ನಗು ಬರುವಂಥ ಮಾತು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಒಮ್ಮೆ ನಕ್ಕೂಬಿಟ್ಟಿದ್ದಳು, ಆ ನಗುವಿನ ಸದ್ದಿಗೆ ಹೆದರಿದ್ದಳು.

ಒಂದೇ ಒಂದು ಸಂಗತಿ ಗೊತ್ತಾದರೆ ಸಾಕಿತ್ತು: ಸಮಯ. ಕಾಪುವಿನಿಂದ ಉಡುಪಿಗೆ ನಾಣ್ಯದ ಪೆಟ್ಟಿಗೆಯಿಂದ ಕರೆಯಲು ಆಗದು, ಎಕ್ಸ್‌ಚೇಂಜಿನವರೇ ಜೋಡಿಸಬೇಕು. ಕರೆದದ್ದು ಉಡುಪಿ ಅಥವಾ ಮಣಿಪಾಲದಿಂದಲೇ. ನಾಲ್ಕು ಇಪ್ಪತ್ತಕ್ಕೆ ಉಡುಪಿಯಲ್ಲಿ ಇದ್ದವನು ಐದಕ್ಕಿಂತ ಮೊದಲು ಕಾಪುವಿನಲ್ಲಿ ಇಳಿಯುವುದು ಸಾಧ್ಯವಿಲ್ಲ. ಆ ನೀಲಿ ಅಂಗಿಯವನನ್ನು ನಾಲ್ಕು ಗಂಟೆಗೋ ನಾಲ್ಕೂವರೆಗೋ ಕಾಪುವಿನಲ್ಲಿ ಯಾರಾದರೂ ಕಂಡಿದ್ದರೆ, ಅವನಲ್ಲ. ತಾನು ಬಿಡುಗಡೆ. ಎರಡನೆಯ ಗುರುವಾರ, ಪೂಜೆಯ ನೆವ ಹೇಳಿದ ಆ ದಿನ, ಅವಳು ಕಾರ್ಕಳಕ್ಕಲ್ಲ, ಕಾಪುವಿಗೆ ಬಸ್ಸು ಹತ್ತಿದಳು.

ದೀಪಸ್ತಂಭಕ್ಕೆ ಹೋಗುವ ದಾರಿಯ ಕೊನೆಯಲ್ಲಿ ಒಂದೇ ಅಂಗಡಿ. ಗೋಲಿ ಸೋಡಾ, ಬೀಡಿ, ನೆಲಗಡಲೆ, ಎದುರಿಗೆ ಒಂದು ಬೆಂಚು. ಅಂಗಡಿಯವನು ಅರುವತ್ತು ದಾಟಿದ ಬ್ಯಾರಿ ಮುಸಲ್ಮಾನ, ಬಿಳಿ ಟೊಪ್ಪಿ, ಲುಂಗಿ. ದಾರಿಹೋಕನೊಬ್ಬ ಶೇಕಬ್ಬ ಎಂದು ಅವನನ್ನು ಕರೆದು ಬೀಡಿ ಪಡೆದು ಹೋದ. ವಾರಿಜಾ ಬೆಂಚಿನಲ್ಲಿ ಕುಳಿತು ಸೋಡಾ ಕೇಳಿದಳು, ಕುಡಿಯಲಿಲ್ಲ. ಅವಳ ಬಾಯಿಂದ ಒಂದರ ಮೇಲೊಂದು ಪ್ರಶ್ನೆ ಬಂತು. ಎರಡು ವಾರದ ಹಿಂದಿನ ಗುರುವಾರ ಇಲ್ಲಿ ಒಬ್ಬರು ಬಂದಿದ್ದರಾ? ನೀಲಿ ಅಂಗಿ? ಎಷ್ಟು ಗಂಟೆಗೆ? ಬಸ್ಸಿನಲ್ಲಾ, ನಡೆದುಕೊಂಡಾ? ಎಷ್ಟು ಗಂಟೆಗೆ?

ಗ್ಲಾಸು ತೊಳೆಯುತ್ತಿದ್ದ ಶೇಕಬ್ಬನ ಕೈ ನಿಂತಿತು. "ದಿನಾ ಎಷ್ಟೋ ಜನ ಬರ್ತಾರೆ ಅಮ್ಮಾ," ಎಂದ. ಅಮ್ಮಾ ಎನ್ನುವಾಗ ಕೊನೆಯನ್ನು ಸ್ವಲ್ಪ ಎಳೆದು ಬಿಡುತ್ತಿದ್ದ. "ನಾನು ಯಾರನ್ನೂ ನೋಡ್ಲಿಲ್ಲ."

"ಪೊಲೀಸರು ಕೇಳಲಿಲ್ವಾ ನಿಮ್ಮನ್ನು?"

"ಅವರಿಗೂ ಅದೇ ಹೇಳಿದ್ದು." ಆಮೇಲೆ ಅವನು ಗ್ಲಾಸನ್ನು ಕೆಳಗಿಟ್ಟು, ಅವಳನ್ನು ನೋಡದೆ, ಮೆಲ್ಲನೆ ಕೇಳಿದ: "ಅವರು ನಿಮಗೆ ಎಂತ ಆಗ್ಬೇಕು?"

ಅವಳ ಕಣ್ಣಿನಲ್ಲಿ ನೀರು ತುಂಬಿಕೊಂಡಿತು, ಮೊನ್ನೆಯಿಂದ ಬಾರದೆ ಇದ್ದದ್ದು ಈಗ ಪರಊರಿನ ಬೆಂಚಿನ ಮೇಲೆ ಬಂತು. ಸೆರಗಿನಿಂದ ಒರೆಸಿ ಎದ್ದಳು. ಅವನ ಕೈ ನಿಂತದ್ದನ್ನು ಅವಳು ಕಂಡಿದ್ದಳು. ಈ ಮನುಷ್ಯ ಏನೋ ಹೇಳಬೇಕೆಂದು ಇದ್ದಾನೆ ಎಂಬುದು ಅವಳ ಕಲಿತ ಕಿವಿಗೆ ಚೆನ್ನಾಗಿ ಕೇಳಿಸಿತ್ತು. ಎರಡು ನಿಮಿಷ ಸುಮ್ಮನೆ ಕುಳಿತಿದ್ದರೆ ಅವನು ಹೇಳುತ್ತಿದ್ದ. ಆದರೆ ಅವಳಿಗೆ ಬೇಕಾದದ್ದು ಅವನ ಮಾತಲ್ಲ, ಗಂಟೆ. ಅದು ಸಿಗದಿದ್ದಾಗ ಅವನೂ ಬೇಡವಾದ. ಹೊರಡುವಾಗ, ಯಾಕೆಂದು ತನಗೇ ತಿಳಿಯದೆ, ಪರ್ಸಿನಿಂದ 'ಜತೆ'ಯ ಸಣ್ಣ ಚೀಟಿ ತೆಗೆದು ಕುಡಿಯದ ಸೋಡಾ ಗ್ಲಾಸಿನ ಅಡಿಯಲ್ಲಿಟ್ಟಳು. ಒಳ್ಳೆಯತನದಿಂದಲ್ಲ. ಕದ್ದವಳು ಏನಾದರೂ ಬಿಟ್ಟುಹೋಗಬೇಕು ಎಂಬ ಹಾಗೆ.

"ವಾರಿಜಕ್ಕ," ಎಂದರು ಫೌಸ್ಟಿನ್ ಮಾಸ್ತರರು ಈಗ, ಕಿಟಕಿಯ ಬಾಗಿಲು ಅರ್ಧ ಎಳೆಯುತ್ತಾ. "ಇವತ್ತು ಫೋನಿನಲ್ಲಿ ನಾನು ಕೂತುಕೊಳ್ಳಲಾ?"

ಹೌದು ಎನ್ನುವುದು ನಾಲಗೆಯ ತುದಿಯಲ್ಲಿತ್ತು. "ಬೇಡ ಸರ್," ಎಂದಳು. "ನಾನು ಕೂರ್ತೇನೆ. ಅದಕ್ಕಿಂತ ಮೊದಲು ಒಂದು ಉಂಟು." ರಿಜಿಸ್ಟರು ತೆರೆದು ಆ ಗುರುವಾರದ ಪುಟ ಹುಡುಕಿದಳು. ತನ್ನದೇ ದುಂಡಗಿನ ಅಕ್ಷರದ ಮೇಲೆ ಗೆರೆ ಎಳೆದಳು. ಮೇಲೆ ಬರೆದಳು: 'ನಾಣ್ಯ ಹಾಕಿ ಮಾತಾಡಿ.' ಪುಸ್ತಕವನ್ನು ಅವರ ಕಡೆಗೆ ತಿರುಗಿಸಿ, ಕನ್ನಡಕದ ಡಬ್ಬಿಯಿಂದ ಪೇಪರಿನ ಚೂರು ತೆಗೆದು ಅದರ ಮೇಲಿಟ್ಟಳು.

ಅವರು ಎರಡನ್ನೂ ಓದಿದರು. ಅದು ಅವನೇ ಎಂದು ಹೇಗೆ ಹೇಳುತ್ತೀರಿ ಎನ್ನಬಹುದಿತ್ತು. ನಿಮ್ಮ ತಪ್ಪಲ್ಲ ಎನ್ನಬಹುದಿತ್ತು. ಎರಡನ್ನೂ ಹೇಳಬಾರದೆಂದು ಊರಿಗೆಲ್ಲ ಕಲಿಸಿದವರು ಅವರು. "ಇದನ್ನು ಒಬ್ಬರೇ ಇಟ್ಟುಕೊಂಡು ಮೂರು ವಾರ ತಿರುಗಿದ್ರಾ?" ಎಂದರು. ಅವಳು ತಲೆಯಾಡಿಸಿದಳು. ಕೆಳಗೆ ರಸ್ತೆಯಲ್ಲಿ ಮಣಿಪಾಲದ ಬಸ್ಸಿನ ಕಂಡಕ್ಟರನು ಕೂಗುತ್ತಾ ಹೋದ.

ನಾಲ್ಕೂ ಮುಕ್ಕಾಲಿಗೆ ಫೋನು ಹೊಡೆದುಕೊಂಡಿತು.

ಒಂದು. ಎರಡು. ಅವಳು ಉಸಿರು ಬಿಟ್ಟಳು, ಅದು ಪೂರ್ತಿ ಹೊರಗೆ ಹೋಗಲಿಲ್ಲ, ಎದೆಯ ನಡುವೆ ನಿಂತಿತು. ಎತ್ತಿದಳು. ಗುಂಯ್. ಅದೇ. ವಿಚಾರಣೆಯ ಕೌಂಟರಿನ ಹಳೆಯ ವಾರಿಜಾ ಅವಳೊಳಗೆ ಬಾಯಿ ತೆರೆದಳು, ಆ ಮೂರು ಪದ ಸಾಲಾಗಿ ನಾಲಗೆಗೆ ಬಂದು ನಿಂತವು. ವಾರಿಜಾ ಹಲ್ಲು ಕಚ್ಚಿದಳು. ಅತ್ತ ಒಂದು ಕೈ ಇದೆ. ಅದಕ್ಕೆ ನನ್ನ ಸ್ವರ ಕೇಳುತ್ತದೆ. ನನಗೆ ಅದರದ್ದು ಕೇಳುವುದಿಲ್ಲ. ಈಗ ಮಾತು ನನ್ನದು ಮಾತ್ರ.

"ಹಲೋ, ಇದು ಜತೆ. ನಾನು ಕೇಳುತ್ತಿದ್ದೇನೆ."

ಸ್ವರ ಕೆಳಗಿಳಿದು ನಿಂತಿತು. ಗುಂಯ್. ಗಡಿಯಾರದ ಸೆಕೆಂಡು ಮುಳ್ಳು ಅರ್ಧ ಸುತ್ತು ಬಂತು.

"ನಾನು ಇಲ್ಲೇ ಇದ್ದೇನೆ. ಅವಸರ ಇಲ್ಲ. ಮಾತಾಡಲೇಬೇಕು ಅಂತಲೂ ಇಲ್ಲ."

ಗುಂಯ್. ಅವಳ ಕಿವಿ ಬಿಸಿಯಾಗಿತ್ತು, ಬೆವರಿನಿಂದ ರಿಸೀವರು ಜಾರುತ್ತಿತ್ತು. ಇನ್ನೂ ಅರ್ಧ ಸುತ್ತು. ಇಡಬೇಡ, ಇಡಬೇಡ ಎಂದು ಅವಳು ಯಾರನ್ನೋ ಬೇಡುತ್ತಿದ್ದಳು.

"ಇದ್ದೇನೆ," ಎಂದಳು.

ಟಣ್ ಎಂದು ನಾಣ್ಯ ಬಿತ್ತು. ಗುಂಯ್ ಹರಿದು ಅದರಾಚೆಯಿಂದ ಬಸ್‌ಸ್ಟ್ಯಾಂಡಿನ ಗಲಾಟೆ ಒಮ್ಮೆಲೇ ನುಗ್ಗಿತು. ಅದರ ನಡುವೆ ಒಂದು ಮುದಿ ಗಂಟಲು ಕೆಮ್ಮಿತು. "ಇದು... ಹೆಸರು ಹೇಳ್ಬೇಕಾ ಅಮ್ಮಾ?"

ಕೊನೆಯನ್ನು ಎಳೆದು ಬಿಟ್ಟ ಅಮ್ಮಾ. ಕಾಪುವಿನ ಆ ಬೆಂಚಿನ ಎದುರು ಕೇಳಿದ ಸ್ವರ. "ಬೇಡ," ಎಂದಳು.

"ನಮ್ಮ ಕಡೆಯಿಂದ ಮಾಡಿದ್ರೆ ಎಕ್ಸ್‌ಚೇಂಜಿನವರಿಗೆಲ್ಲ ಗೊತ್ತಾಗ್ತದೆ. ಅದಕ್ಕೆ ಇಲ್ಲಿಗೆ ಬಂದೆ. ಚೀಟಿಯಲ್ಲಿ ನಂಬರ್ ಇತ್ತು. ನನ್ನ ಅಂಗಡಿಗೆ ಒಬ್ಬ ಬಂದಿದ್ದ. ನೀರು ಕೇಳಿದ. ನಾನು ಗ್ಲಾಸು ಕೊಡುವಾಗ ಕೇಳಿದೆ, ಎಲ್ಲಿಯವರು, ಯಾವ ಕಡೆ ಮನೆ ಅಂತ. ಎಲ್ಲರಿಗೂ ಕೇಳುವುದು ಅಲ್ವಾ? ಅವನು ಗ್ಲಾಸು ಹಾಗೇ ಇಟ್ಟ. ಕುಡೀಲಿಲ್ಲ. ಎದ್ದು ಹೋದ. ಬೆಳಿಗ್ಗೆ..."

"ಹೇಳಿ."

"ಬೆಳಿಗ್ಗೆ ಜನ ಸೇರಿತ್ತು. ನಾನು ನೋಡ್ಲಿಲ್ಲ ಅಂದೆ ಪೊಲೀಸರಿಗೆ. ಹೆದರಿಕೆಯಾಯ್ತು. ಈಗ ಯಾರಿಗೂ ನೀರು ಕೊಡ್ಲಿಕ್ಕೆ ಆಗುದಿಲ್ಲ ನನಗೆ. ಮನೆಯಲ್ಲಿ ಹೆಂಡತಿ ನಬೀಸಾ ಕೇಳ್ತಾಳೆ, ಎಂತ ಆಯ್ತು ನಿಮಗೆ ಅಂತ. ಹೇಗೆ ಹೇಳುವುದು?"

ಯಾವ ಹೊತ್ತಿಗೆ ಬಂದ? ಪ್ರಶ್ನೆ ಅವಳ ಗಂಟಲಿನಲ್ಲಿ ಎದ್ದು ನಿಂತಿತು. ಮೂರೇ ಪದ. ಕೇಳಿದರೆ ಅವನು ಈಗ ಹೇಳುತ್ತಾನೆ, ಖಂಡಿತ ಹೇಳುತ್ತಾನೆ. ಇವತ್ತೇ ಮನೆಗೆ ಹೋಗಿ ಹೊಟ್ಟೆತುಂಬ ಉಂಡು ಮಲಗಬಹುದು, ಅಥವಾ ಇನ್ನು ಎಂದೂ ಮಲಗದೆ ಇರಬಹುದು, ಅಂತೂ ಗೊತ್ತಾಗುತ್ತದೆ. ಎಲ್ಲಿಯವರು ಎಂದು ಕೇಳಿ ಒಬ್ಬನನ್ನು ಕಳೆದುಕೊಂಡ ಮುದುಕನಿಗೆ ಎಷ್ಟು ಗಂಟೆಗೆ ಎಂದು ಕೇಳುವುದೇ? ಅವಳು ಮುಷ್ಟಿ ಬಿಗಿದಳು. ಕಲಿಸಿದ ಪ್ರಶ್ನೆಯೊಂದು ಇತ್ತು, ಸುತ್ತಿ ಬಳಸದೆ ನೇರ ಕೇಳಬೇಕಾದದ್ದು, ಕೇಳಿದರೆ ಇಲ್ಲದ ಯೋಚನೆ ಬರುತ್ತದೆಂದು ಹೆದರಬಾರದ್ದು. ಅದನ್ನು ಕೇಳಿದಳು.

"ನಿಮಗೆ ಸಾಯುವ ಯೋಚನೆ ಬರ್ತದಾ?"

ಬಹಳ ಹೊತ್ತು ಬಸ್ಸುಗಳ ಸದ್ದು. "ನಮ್ಮಲ್ಲಿ ಅದು ಹರಾಮು," ಎಂದ ಶೇಕಬ್ಬ. ಆಮೇಲೆ ಇನ್ನೂ ಮೆಲ್ಲಗೆ: "ಸಂಜೆಯ ಮಗ್ರಿಬ್ ನಮಾಜು ಆದ ಮೇಲೆ ಕಡಲ ಕಡೆಗೆ ನೋಡುದಿಲ್ಲ ನಾನು. ನೋಡಿದ್ರೆ ಕರೀತದೆ. ಇದನ್ನು ಯಾರಿಗೂ ಹೇಳ್ಲಿಲ್ಲ. ನೀವು ಕೇಳಿದಿರಲ್ಲ, ಅದಕ್ಕೆ ಹೇಳಿದ್ದು."

"ಹೇಳಿದ್ದು ಒಳ್ಳೆಯದಾಯ್ತು. ಇವತ್ತೂ ಕರೀತಾ ಉಂಟಾ?"

"ಇವತ್ತು ಇಲ್ಲ. ಬಸ್ಸು ಹತ್ತಿದ ಮೇಲೆ ಇಲ್ಲ." ಯಾರೋ ಹೊರಗಿನಿಂದ ಬೂತಿನ ಬಾಗಿಲು ತಟ್ಟಿದರು, ಅವನು, "ಸ್ವಲ್ಪ ನಿಲ್ಲಿ ಮಾರಾಯ್ರೆ" ಎಂದದ್ದು ಕೇಳಿಸಿತು. "ಇನ್ನೂ ಒಂದು ಉಂಟು ಅಮ್ಮಾ. ಅದೇ ಹೆಚ್ಚು. ಮೊನ್ನೆ ಒಬ್ಬರು ಹೆಂಗಸು ಬಂದಿದ್ರು, ಟೀಚರ ಹಾಗೆ ಇದ್ರು. ಅವನ ಬಗ್ಗೆ ಕೇಳಿದ್ರು. ನಾನು ಅವರಿಗೂ ಸುಳ್ಳು ಹೇಳಿದೆ. ನಿಮಗೆ ಎಂತ ಆಗ್ಬೇಕು ಅಂದೆ, ಅತ್ತುಬಿಟ್ರು. ಅವನ ಅಕ್ಕ ಇರ್ಬೇಕು. ತಮ್ಮ ಕಡೆಗೆ ಎಲ್ಲಿ ಕೂತಿದ್ದ ಅಂತ ನೋಡ್ಲಿಕ್ಕೆ ಬಂದ ಅಕ್ಕನಿಗೆ ನಾನು, ಇಲ್ಲ, ನೋಡ್ಲಿಲ್ಲ ಅಂದೆ. ಅವನು ನನ್ನ ಬೆಂಚಿನಲ್ಲೇ ಕೂತಿದ್ದ, ಅವರು ಕೂತ ಜಾಗದಲ್ಲೇ. ಅದನ್ನಾದ್ರೂ ಹೇಳ್ಬಹುದಿತ್ತಲ್ಲ."

ವಾರಿಜಾಳಿಗೆ ಕೋಣೆ ಚಿಕ್ಕದಾಗುತ್ತಾ ಬಂತು. ತನ್ನ ಕಣ್ಣೀರು ಆ ಬೆಂಚಿನ ಮೇಲೆ ಏನು ಮಾಡಿ ಬಂದಿತ್ತು ಎಂಬುದು ಈಗ ಕಂಡಿತು. ಬಿಡುಗಡೆಗಾಗಿ ಹೋದವಳು ಇನ್ನೊಬ್ಬನ ತಲೆಗೆ ಕಲ್ಲು ಹೊರಿಸಿ ಬಂದಿದ್ದಳು, ಅದೂ ಇಲ್ಲದ ಕಲ್ಲು. ಪಾಳಿಯಲ್ಲಿ ಕುಳಿತವರು ತಾವು ಯಾರೆಂದು ಹೇಳಬಾರದು. ಅದು ನಿಯಮ, ಒಳ್ಳೆಯ ನಿಯಮ. ಅದನ್ನು ಪಾಲಿಸಿ ಇವನನ್ನು ಹೀಗೆಯೇ ಕಳುಹಿಸಬಹುದು.

"ಆ ಹೆಂಗಸು ಅವರ ಅಕ್ಕ ಅಲ್ಲ," ಎಂದಳು. "ಅದು ನಾನು."

ಫೌಸ್ಟಿನ್ ಮಾಸ್ತರರು ಕುರ್ಚಿಯಿಂದ ಎದ್ದರು. ಕೈ ಎತ್ತಿದರು, ಇಳಿಸಿದರು.

"ಸುಳ್ಳು ಹೇಳಿದ್ದು ನೀವು ಅಕ್ಕನಿಗಲ್ಲ. ನಾನು ಅವರಿಗೆ ಏನೂ ಆಗಬೇಕಿಲ್ಲ. ನನ್ನದೇ ಒಂದು ಸಂಕಟಕ್ಕೆ ಬಂದದ್ದು. ನಿಮ್ಮನ್ನು ಕೇಳಿದ್ದು ತಪ್ಪಾಯ್ತು."

ಇಟ್ಟುಬಿಡುತ್ತಾನೆ ಎಂದುಕೊಂಡಳು. ಲೈನು ಕಡಿಯುವ ಸದ್ದಿಗೆ ಇಡೀ ಮೈ ಕಿವಿಯಾಗಿ ಕಾದಳು. ಕಡಿಯಲಿಲ್ಲ. ಮುದುಕನ ಉಸಿರು ಬರುತ್ತಿತ್ತು, ಹೋಗುತ್ತಿತ್ತು. ಒಂದು ಬಸ್ಸು ಹಾರ್ನ್ ಹೊಡೆದು ಹೊರಟಿತು. ಹಗುರಾದನೇ? ಸಿಟ್ಟು ಬಂತೇ?

"ಹಾಗಾದ್ರೆ," ಎಂದ ಶೇಕಬ್ಬ ಕಡೆಗೆ, "ಅವನಿಗೆ ಅಂತ ಯಾರೂ ಬರ್ಲಿಲ್ಲ."

ಅವಳ ಬಾಯಿಗೆ ಹತ್ತು ಮಾತು ಬಂದವು. ಬಂದಾರು, ಪೇಪರು ಇನ್ನೂ ತಲುಪಿರಲಿಕ್ಕಿಲ್ಲ, ಎಲ್ಲೋ ದೂರದವರು. ಎಲ್ಲವೂ ಸಮಾಧಾನ, ಎಲ್ಲವೂ ತನಗೆ. ಈ ಮುದುಕ ಇಷ್ಟು ದಿನ ಒಬ್ಬಳು ಅಕ್ಕನನ್ನಾದರೂ ಇಟ್ಟುಕೊಂಡಿದ್ದ. ಅವಳನ್ನೂ ಈಗ ಕಿತ್ತುಕೊಂಡದ್ದಾಗಿತ್ತು.

"ಇಲ್ಲ," ಎಂದಳು. "ನನಗೆ ಗೊತ್ತಿರುವ ಹಾಗೆ ಯಾರೂ ಬರಲಿಲ್ಲ." ಸ್ವರ ಒಡೆಯಿತು. ಒಡೆದದ್ದನ್ನು ಅವಳು ಮುಚ್ಚಲಿಲ್ಲ. "ನೀವು ನೋಡಿದ್ದೀರಿ. ನಾನು ನೋಡಿದ್ದಿಲ್ಲ. ಹೇಳುವುದಾದರೆ ಹೇಳಿ, ನಾನು ಕೇಳುತ್ತಿದ್ದೇನೆ."

ಮತ್ತೆ ಬಾಗಿಲು ತಟ್ಟಿದ ಸದ್ದು. ಈ ಸಲ ಅವನು ಅವರಿಗೆ ಉತ್ತರ ಕೊಡಲಿಲ್ಲ.

"ತುಂಬ ಸಪೂರ ಇದ್ದ ಅಮ್ಮಾ," ಎಂದು ಶುರು ಮಾಡಿದ. "ಕಾಲಿಗೆ ಚಪ್ಪಲಿ ಇತ್ತು, ಹೊಸತು. ಬೆಂಚಿನಲ್ಲಿ ಕೂರುವ ಮೊದಲು ಧೂಳು ಒರೆಸಿದ, ಹೀಗೆ, ಕೈಯಲ್ಲಿ. ನಾನು ಆಗ ಬಾಟ್ಲಿ ತೊಳೀತಾ ಇದ್ದೆ..."

ಅವನು ಎಲ್ಲವನ್ನೂ ಹೇಳಲಿದ್ದ, ಒಂದೊಂದಾಗಿ. ಅದರಲ್ಲಿ ಎಲ್ಲೋ ಒಂದು ಕಡೆ ಬಿಸಿಲು ಎಲ್ಲಿತ್ತೆಂದೋ, ಮಸೀದಿಯ ಬಾಂಗ್ ಆಗಿತ್ತೋ ಇಲ್ಲವೋ ಎಂದೋ ಬಂದೇ ಬರಬಹುದು, ಬಾರದೆಯೂ ಇರಬಹುದು. ವಾರಿಜಾ ಎಡಗೈ ಚಾಚಿ ಮೇಜಿನ ಮೇಲಿನ ಗಡಿಯಾರವನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟಳು.

"ಹೂಂ," ಎಂದಳು. "ಧೂಳು ಒರೆಸಿದರು. ಆಮೇಲೆ?"